ಶಾಲಾ ವಾರ್ಷಿಕೋತ್ಸವಕ್ಕೂ ಆರತಕ್ಷತೆಗೂ ನಿರೂಪಣೆ, ನಡುವೆ ಮಿಮಿಕ್ರಿ: ತಯಾರಿಯಿಂದ ವೇದಿಕೆಯವರೆಗೆ

ನಮ್ಮ ಕಡೆ ಧನುರ್ಮಾಸದಲ್ಲಿ ಮದುವೆಗಳು ನಡೆಯುವುದಿಲ್ಲ. ಆದರೆ ಡಿಸೆಂಬರ್ ನಡುವಿನಿಂದ ಜನವರಿ ನಡುವಿನವರೆಗಿನ ಆ ಅವಧಿಯಲ್ಲೇ ಬಹಳಷ್ಟು ಶಾಲೆಗಳು ವಾರ್ಷಿಕೋತ್ಸವ ಇಟ್ಟುಕೊಳ್ಳುತ್ತವೆ. ಸಂಕ್ರಾಂತಿ ಕಳೆದ ಮೇಲೆ ಕಲ್ಯಾಣ ಮಂಟಪಗಳ ಬಾಗಿಲು ತೆರೆಯುತ್ತದೆ. ಹೀಗಾಗಿ ಒಳ್ಳೆಯ ಕಂಠವಿದ್ದು, ವೇದಿಕೆಯ ಅಳುಕಿಲ್ಲದೆ, ನಾಲ್ಕು ಜನರ ದನಿಯನ್ನು ಅನುಕರಿಸಬಲ್ಲವರಿಗೆ ಚಳಿಗಾಲದಿಂದ ಬೇಸಿಗೆಯವರೆಗೆ ಬಿಡುವಿಲ್ಲದೆ ಕರೆ ಬರುವುದು ಸಹಜ. ಹಾಗೆ ಕರೆ ಬಂದವರು ಸಾಮಾನ್ಯವಾಗಿ ತಯಾರಿ ಮಾಡಿಕೊಳ್ಳುವುದು ಮಾತನ್ನು, ಎಂದರೆ ಒಂದಿಷ್ಟು ಕವನದ ಸಾಲು, ಒಂದಿಷ್ಟು ನಗೆಹನಿ, ಒಂದೆರಡು ನಟರ ದನಿ. ನನ್ನ ಅನುಭವದಲ್ಲಿ ಕಾರ್ಯಕ್ರಮ ಕೆಡುವುದು ಮಾತಿನ ಕೊರತೆಯಿಂದ ಅಲ್ಲವೇ ಅಲ್ಲ; ಹೊತ್ತಿನ ಲೆಕ್ಕ ಮತ್ತು ಹೆಸರುಗಳು, ಈ ಎರಡು ತಪ್ಪಿದಾಗ. ಆದ್ದರಿಂದ ಈ ಲೇಖನದಲ್ಲಿ ಮೊದಲು ಆ ಎರಡನ್ನು ನೋಡಿ, ಮಿಮಿಕ್ರಿಯನ್ನು ಅವುಗಳ ನಡುವಿನ ಜಾಗದಲ್ಲಿ ಕೂರಿಸುವ ಬಗೆಯನ್ನು ವಿವರಿಸುತ್ತೇನೆ. ಉದಾಹರಣೆಗೆ ತಾಲ್ಲೂಕು ಕೇಂದ್ರವೊಂದರ ಪ್ರೌಢಶಾಲೆಯ ವಾರ್ಷಿಕೋತ್ಸವವನ್ನು ಇಟ್ಟುಕೊಳ್ಳೋಣ. ಮದುವೆಯ ಆರತಕ್ಷತೆಯಲ್ಲಿ ಯಾವುದು ಬೇರೆ ಎಂಬುದನ್ನು ಆಮೇಲೆ ನೋಡೋಣ.

ಹೊತ್ತಿನ ಲೆಕ್ಕ

ಕಾರ್ಯಕ್ರಮಕ್ಕೆ ಒಂದು ವಾರ ಮುಂಚೆಯೇ ಶಾಲೆಗೆ ಹೋಗಿ, ಮುಖ್ಯೋಪಾಧ್ಯಾಯರ ಜತೆಗೂ ನೃತ್ಯ ಕಲಿಸುತ್ತಿರುವ ಶಿಕ್ಷಕರ ಜತೆಗೂ ಕುಳಿತು, ಒಂದೊಂದು ಅಂಶಕ್ಕೂ ನಿಮಿಷ ಬರೆದುಕೊಳ್ಳಿ. ನಮ್ಮ ಉದಾಹರಣೆಯ ಶಾಲೆಯ ಸಭಾ ಕಾರ್ಯಕ್ರಮ ಹೀಗಿದೆ ಎಂದುಕೊಳ್ಳಿ: ಪ್ರಾರ್ಥನೆ ಮತ್ತು ನಾಡಗೀತೆಗೆ 6 ನಿಮಿಷ, ಹೂಗುಚ್ಛ ಕೊಡುವುದೂ ಸೇರಿ ಸ್ವಾಗತಕ್ಕೆ 8, ದೀಪ ಬೆಳಗಲು 4, ಶಾಲಾ ವರದಿಗೆ 8, ನಲವತ್ತು ಮಕ್ಕಳ ಬಹುಮಾನ ವಿತರಣೆಗೆ 14, ಮೂವರು ಅತಿಥಿಗಳ ಮಾತಿಗೆ 24, ಅಧ್ಯಕ್ಷೀಯ ನುಡಿಗೆ 8, ವಂದನಾರ್ಪಣೆಗೆ 4. ಇದಿಷ್ಟು ಸೇರಿ 76 ನಿಮಿಷ. ಸಾಂಸ್ಕೃತಿಕ ಕಾರ್ಯಕ್ರಮದಲ್ಲಿ ಹದಿನೆಂಟು ನೃತ್ಯ ಮತ್ತು ಕಿರುನಾಟಕಗಳಿದ್ದು, ಒಂದೊಂದಕ್ಕೆ ಸರಾಸರಿ 4 ನಿಮಿಷ ಹಿಡಿದರೆ 72 ನಿಮಿಷ. ಎರಡನ್ನೂ ಕೂಡಿಸಿ 148 ನಿಮಿಷವೆಂದು ಶಾಲೆಯವರು ಹೇಳುತ್ತಾರೆ. ಐದೂವರೆಗೆ ಆರಂಭಿಸಿದರೆ ಎಂಟು ಗಂಟೆಗೆ ಮಕ್ಕಳನ್ನು ಮನೆಗೆ ಕಳಿಸಬಹುದೆಂದು ನಂಬಿರುತ್ತಾರೆ.

ಈ ಲೆಕ್ಕದಲ್ಲಿ ಬಿಟ್ಟುಹೋಗಿರುವುದು ಒಂದು ತಂಡ ಇಳಿದು ಇನ್ನೊಂದು ತಂಡ ಹತ್ತುವ ಸಮಯ. ಹದಿನೆಂಟು ಅಂಶಗಳ ನಡುವೆ ಹದಿನೇಳು ಸಂದುಗಳಿರುತ್ತವೆ. ಪುಟ್ಟ ಮಕ್ಕಳು ಸಾಲಿನಲ್ಲಿ ನಿಂತು, ಒಬ್ಬಳ ಗೆಜ್ಜೆ ಕಟ್ಟಿ, ಹಾಡಿನ ಫೈಲು ಸಿಕ್ಕಿ, ಸಂಗೀತ ಶುರುವಾಗಲು ಒಂದೂವರೆ ನಿಮಿಷ ಬೇಕೇ ಬೇಕು. ಹದಿನೇಳು ಸಂದುಗಳಿಗೆ ಸುಮಾರು 26 ನಿಮಿಷವಾಗುತ್ತದೆ. ಒಟ್ಟು ಅವಧಿ ಈಗ 174 ನಿಮಿಷ. ಮುಗಿಯುವುದು ಎಂಟು ಗಂಟೆ ಇಪ್ಪತ್ತನಾಲ್ಕಕ್ಕೆ. ಮುಖ್ಯ ಅತಿಥಿಗಳು ಅರ್ಧ ಗಂಟೆ ತಡವಾಗಿ ಬಂದು, ಎಂಟು ನಿಮಿಷ ಕೊಟ್ಟವರೊಬ್ಬರು ಇಪ್ಪತ್ತು ನಿಮಿಷ ಮಾತನಾಡಿದರೆ ಗಂಟೆ ಒಂಬತ್ತು ದಾಟುತ್ತದೆ. ತೆರೆದ ಮೈದಾನದಲ್ಲಿ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಧ್ವನಿವರ್ಧಕ ಬಳಸುವಂತಿಲ್ಲ ಎಂಬುದು ಶಬ್ದ ಮಾಲಿನ್ಯ ನಿಯಂತ್ರಣ ನಿಯಮಗಳಲ್ಲೇ ಇರುವುದರಿಂದ, ನಿಮ್ಮ ಕೈಯಲ್ಲಿ ಉಳಿಯುವುದು ಒಂದು ಗಂಟೆಗಿಂತ ಕಡಿಮೆ. ಇದಕ್ಕಿಂತ ಮೊದಲೇ ಚಿಕ್ಕ ಮಕ್ಕಳು ನಿದ್ದೆಗೆ ಜಾರುತ್ತಾರೆ, ತಮ್ಮ ಮಗುವಿನ ನೃತ್ಯ ಮುಗಿದ ತಂದೆತಾಯಿಯರು ಎದ್ದು ಹೊರಡುತ್ತಾರೆ.

ಈ ಲೆಕ್ಕವನ್ನು ಶಾಲೆಯವರ ಮುಂದೆ ಕಾಗದದಲ್ಲಿ ಇಟ್ಟರೆ ಮೂರು ತಿದ್ದುಪಡಿಗಳಿಗೆ ಅವರು ಸಾಮಾನ್ಯವಾಗಿ ಒಪ್ಪುತ್ತಾರೆ. ಅತಿ ಚಿಕ್ಕ ತರಗತಿಗಳ ನೃತ್ಯಗಳನ್ನು ಮೊದಲು ಹಾಕುವುದು ಒಂದು. ಒಂದೇ ಮಗು ಎರಡು ನೃತ್ಯಗಳಲ್ಲಿದ್ದರೆ ಅವೆರಡರ ನಡುವೆ ಕನಿಷ್ಠ ಮೂರು ಅಂಶಗಳ ಅಂತರ ಇರುವಂತೆ ಕ್ರಮ ಬದಲಿಸುವುದು ಮತ್ತೊಂದು. ವೇಷ ಬದಲಾವಣೆಗಾಗಿ ಇಡೀ ಸಭೆ ಕಾಯುವ ಸ್ಥಿತಿ ಇದರಿಂದ ತಪ್ಪುತ್ತದೆ. ಮೂರನೆಯದು, ಅತಿಥಿಗಳ ಮಾತಿನ ಅವಧಿಯನ್ನು ಮುಖ್ಯೋಪಾಧ್ಯಾಯರೇ ಆಹ್ವಾನಿಸುವಾಗ ತಿಳಿಸುವುದು. ವೇದಿಕೆಯಲ್ಲಿ ಚೀಟಿ ಕೊಟ್ಟು ಮಾತು ನಿಲ್ಲಿಸುವ ಪದ್ಧತಿ ನನಗೆ ಸರಿ ಕಾಣುವುದಿಲ್ಲ. ಅತಿಥಿಗೆ ಅದು ಅವಮಾನ, ಮತ್ತು ಚೀಟಿ ನೋಡಿದ ಮೇಲೆ ‘ಕೊನೆಯದಾಗಿ ಎರಡೇ ಮಾತು’ ಎಂದು ಅವರು ಇನ್ನೂ ಹತ್ತು ನಿಮಿಷ ಹೇಳುವುದೇ ಹೆಚ್ಚು.

ಉಳಿದ ಆ 26 ನಿಮಿಷ ಪೂರ್ತಿ ನಿಮ್ಮದು. ಒಂದು ಸಂದಿನಲ್ಲಿ ಮುಂದಿನ ಅಂಶದ ಘೋಷಣೆಗೆ ಇಪ್ಪತ್ತೈದು ಸೆಕೆಂಡು ಹೋದರೆ ಇನ್ನೂ ಒಂದು ನಿಮಿಷ ಉಳಿಯುತ್ತದೆ. ಮಿಮಿಕ್ರಿ ಬರುವವರಿಗೆ ಬೇರೆ ನಿರೂಪಕರಿಗಿಂತ ಹೆಚ್ಚಿನ ಅನುಕೂಲ ಇರುವುದು ಈ ಒಂದು ನಿಮಿಷದಲ್ಲೇ.

ಹೆಸರುಗಳು

ಆಹ್ವಾನ ಪತ್ರಿಕೆಯನ್ನೇ ನೋಡಿ ಹೆಸರು ಓದುತ್ತೇನೆಂದು ಹೊರಡಬೇಡಿ. ಪತ್ರಿಕೆ ಅಚ್ಚಾದ ಮೇಲೆ ಬರುವವರು ಬದಲಾಗಿರುತ್ತಾರೆ, ಹುದ್ದೆಗಳೂ ಬದಲಾಗಿರುತ್ತವೆ. ಕ್ಷೇತ್ರ ಶಿಕ್ಷಣಾಧಿಕಾರಿ, ಗ್ರಾಮ ಪಂಚಾಯಿತಿ ಅಧ್ಯಕ್ಷರು, ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷರು, ಹಳೆಯ ವಿದ್ಯಾರ್ಥಿ ಸಂಘದವರು, ದಾನಿಗಳು, ಇವರನ್ನು ಯಾವ ಕ್ರಮದಲ್ಲಿ ಕರೆಯಬೇಕೆಂದು ಮುಖ್ಯೋಪಾಧ್ಯಾಯರ ಕೈಯಲ್ಲೇ ಬರೆಸಿಕೊಳ್ಳಿ. ಯಾರ ಹೆಸರು ಮೊದಲು ಬಂತು ಎಂಬ ಬೇಸರ ಊರಿನಲ್ಲಿ ಮುಂದಿನ ವರ್ಷದವರೆಗೂ ಉಳಿಯುವಂಥದ್ದು. ಆ ಕ್ರಮ ಶಾಲೆಯದ್ದಾಗಿರಬೇಕು, ನಿಮ್ಮ ಊಹೆಯದ್ದಲ್ಲ. ಕಾರ್ಯಕ್ರಮದ ದಿನ ಅತಿಥಿಗಳು ಚಹಾ ಕುಡಿಯುವ ಕೊಠಡಿಗೆ ಹೋಗಿ, ಪಟ್ಟಿ ಹಿಡಿದು, ಯಾರು ಬಂದಿದ್ದಾರೆಂದು ಗುರುತು ಹಾಕಿಕೊಳ್ಳಿ. ಹೆಸರಿನ ಮುಂದಿನ ಅಕ್ಷರಗಳನ್ನೂ ಪದವಿಯನ್ನೂ ಅವರನ್ನೇ ಕೇಳಿ ಖಚಿತಪಡಿಸಿಕೊಳ್ಳಲು ಸಂಕೋಚ ಬೇಡ, ಹಾಗೆ ಕೇಳಿದವರನ್ನು ಯಾರೂ ತಪ್ಪು ತಿಳಿಯುವುದಿಲ್ಲ.

ಬಾರದೇ ಇರುವ ಅತಿಥಿಯ ಹೆಸರನ್ನು ಸುಮ್ಮನೆ ಬಿಟ್ಟು ಮುಂದೆ ಹೋಗುವುದು ಉತ್ತಮ. ‘ಅವರು ಬಂದಿಲ್ಲ’ ಎಂದು ಘೋಷಿಸುವ ಅಗತ್ಯವಿಲ್ಲ. ಸಭೆಯ ನಡುವೆ ಬಂದವರನ್ನು ಆಗ ಮಾತನಾಡುತ್ತಿರುವವರ ಮಾತು ಮುಗಿದ ಮೇಲೆಯೇ ಸ್ವಾಗತಿಸಬೇಕು. ಒಬ್ಬ ಶಿಕ್ಷಕರ ವರದಿಯನ್ನು ತಡೆದು ರಾಜಕಾರಣಿಯೊಬ್ಬರನ್ನು ಸ್ವಾಗತಿಸಿದರೆ ಇಬ್ಬರಿಗೂ ಇರುಸುಮುರುಸು.

ಎಲ್ಲ ಹೆಸರುಗಳನ್ನೂ ಅಂಶಗಳನ್ನೂ ಗಟ್ಟಿ ರಟ್ಟಿನ ಚೀಟಿಗಳಲ್ಲಿ ಬರೆದುಕೊಳ್ಳಿ. ತೆಳ್ಳನೆಯ ಹಾಳೆ ಗಾಳಿಗೆ ಹಾರುತ್ತದೆ, ಮೈಕಿನಲ್ಲಿ ಸರಸರ ಕೇಳಿಸುತ್ತದೆ, ಕೈ ಸ್ವಲ್ಪ ನಡುಗಿದರೂ ಸಭೆಗೆಲ್ಲ ಕಾಣಿಸುತ್ತದೆ. ಮೊಬೈಲ್ ನೋಡಿ ಓದುವುದು ಇನ್ನೂ ಕೆಟ್ಟದ್ದು, ಅದರ ಬೆಳಕು ಮುಖಕ್ಕೆ ಬಿದ್ದು ವೀಡಿಯೊದಲ್ಲಿ ಚೆನ್ನಾಗಿ ಕಾಣುವುದಿಲ್ಲ, ಮೇಲಾಗಿ ಸರಿಯಾಗಿ ಬೇಕಾದ ಹೊತ್ತಿಗೇ ಪರದೆ ಆರಿಹೋಗುತ್ತದೆ. ಒಂದು ಚೀಟಿಗೆ ಒಂದೇ ಅಂಶ. ಮೇಲಿನ ಮೂಲೆಯಲ್ಲಿ ಸಂಖ್ಯೆ, ಕೆಳಗೆ ತರಗತಿ, ಹಾಡು, ತಂಡದ ಶಿಕ್ಷಕರ ಹೆಸರು, ಮತ್ತು ಆ ಅಂಶ ನಡೆಯುವಾಗ ಸಿದ್ಧವಾಗಿ ನಿಲ್ಲಬೇಕಾದ ಮುಂದಿನ ತಂಡ. ಚೀಟಿಯ ಹಿಂಬದಿಯಲ್ಲಿ ಆ ಸಂದಿಗೆ ಇಟ್ಟುಕೊಂಡ ಮಿಮಿಕ್ರಿಯ ಒಂದು ಸಾಲಿನ ಸುಳಿವು ಇರಲಿ. ಎಲ್ಲಕ್ಕೂ ಮೂಲೆಯಲ್ಲಿ ತೂತು ಮಾಡಿ ಉಂಗುರ ಹಾಕಿದರೆ ಕೈಜಾರಿ ಬಿದ್ದರೂ ಕ್ರಮ ತಪ್ಪುವುದಿಲ್ಲ.

ನಾಡಗೀತೆಯನ್ನು ಯಾರು ಹಾಡುತ್ತಾರೆ, ಎಷ್ಟು ಹೊತ್ತು ಹಾಡುತ್ತಾರೆ ಎಂಬುದನ್ನೂ ಮೊದಲೇ ನೋಡಿಕೊಳ್ಳಿ. ಮೈಸೂರು ಅನಂತಸ್ವಾಮಿ ಅವರ ಧಾಟಿಯಲ್ಲಿ ಎರಡೂವರೆ ನಿಮಿಷದಲ್ಲಿ ಹಾಡಬೇಕೆಂದು ರಾಜ್ಯ ಸರ್ಕಾರ 2022ರಲ್ಲಿ ಗೊತ್ತುಮಾಡಿದೆ. ಕೆಲವು ಕಡೆ ಈಗಲೂ ಹಳೆಯ ರೂಢಿಯಂತೆ ಎಳೆದು ಹಾಡುತ್ತಾರೆ. ಕೊನೆಯ ರಾಷ್ಟ್ರಗೀತೆಗೆ 52 ಸೆಕೆಂಡು. ಅದಕ್ಕೆ ಮೊದಲು ಎಲ್ಲರೂ ಎದ್ದು ನಿಲ್ಲಬೇಕೆಂದು ವಿನಂತಿಸಿ, ಮೈದಾನ ಶಾಂತವಾಗುವವರೆಗೆ ಕಾದು, ಆಮೇಲೆ ಹಾಡುವವರಿಗೆ ಸನ್ನೆ ಮಾಡಿ.

ಬಹುಮಾನ ವಿತರಣೆ ನಿರೂಪಕರ ಕೈಚಳಕ ಅತಿ ಹೆಚ್ಚು ಕಾಣುವ ಭಾಗ. ಒಂದು ಮಗುವಿಗೆ ಇಪ್ಪತ್ತು ಸೆಕೆಂಡು ಎಂದು ಲೆಕ್ಕ ಹಾಕಿದ್ದೇವೆ. ಮಗುವಿನ ಹೆಸರು ಕರೆದ ಮೇಲೆ ಅದು ಮೈದಾನದ ಹಿಂಬದಿಯಿಂದ ಎದ್ದು ಬರುವುದಾದರೆ ಒಂದು ನಿಮಿಷ ಹಿಡಿಯುತ್ತದೆ, ನಲವತ್ತು ಮಕ್ಕಳಿಗೆ ನಲವತ್ತು ನಿಮಿಷ. ಆದ್ದರಿಂದ ವರದಿ ಓದುವಾಗಲೇ ಬಹುಮಾನದ ಮಕ್ಕಳನ್ನು ಪಟ್ಟಿಯ ಕ್ರಮದಲ್ಲೇ ಮೆಟ್ಟಿಲ ಬಳಿ ಸಾಲಾಗಿ ನಿಲ್ಲಿಸಲು ಒಬ್ಬ ಶಿಕ್ಷಕರನ್ನು ಗೊತ್ತುಮಾಡಿ. ಮಕ್ಕಳು ಒಂದು ಬದಿಯಿಂದ ಹತ್ತಿ ಇನ್ನೊಂದು ಬದಿಯಿಂದ ಇಳಿಯಬೇಕು. ಹಿಂದಿನ ಮಗುವಿನ ಕೈಗೆ ಬಹುಮಾನ ತಲುಪಿ ಛಾಯಾಗ್ರಾಹಕರ ಫ್ಲ್ಯಾಶ್ ಬಿದ್ದ ಕ್ಷಣಕ್ಕೆ ಮುಂದಿನ ಹೆಸರು ನಿಮ್ಮ ಬಾಯಲ್ಲಿರಬೇಕು. ಇಲ್ಲಿ ಮಿಮಿಕ್ರಿಯಾಗಲಿ ನಗೆಮಾತಾಗಲಿ ಖಂಡಿತ ಬೇಡ. ಆ ಇಪ್ಪತ್ತು ಸೆಕೆಂಡು ಆ ಮಗುವಿನದ್ದು.

ಮೈಕ್

ಕಾರ್ಯಕ್ರಮಕ್ಕೆ ಒಂದು ಗಂಟೆ ಮೊದಲು ಹೋಗಿ ಮೈಕ್ ಸೆಟ್‌ನವರ ಪರಿಚಯ ಮಾಡಿಕೊಳ್ಳಿ. ನಿಮ್ಮ ಕಂಠ ಎಷ್ಟು ಚೆನ್ನಾಗಿದ್ದರೂ ಅಂದು ಅದು ಅವರ ಕೈಯಲ್ಲಿ ಇರುತ್ತದೆ. ಮೊದಲು ಅವರಿಗೆ ಹೇಳಬೇಕಾದ ಮಾತು, ನಿಮ್ಮ ಮೈಕಿಗೆ ಎಕೋ ಬೇಡ ಎಂಬುದು. ಎಕೋ ಹಾಕಿದರೆ ದನಿ ಗಂಭೀರವಾಗುತ್ತದೆ ಎಂದು ಅವರು ಪ್ರೀತಿಯಿಂದಲೇ ಹಾಕಿರುತ್ತಾರೆ. ಹಾಡಿಗೆ ಅದು ಒಪ್ಪಬಹುದು; ಘೋಷಣೆಯ ಹೆಸರುಗಳು ಅದರಲ್ಲಿ ಕಲಸಿಹೋಗುತ್ತವೆ, ಮಿಮಿಕ್ರಿಯಂತೂ ಪೂರ್ತಿ ಹಾಳಾಗುತ್ತದೆ, ಏಕೆಂದರೆ ಒಬ್ಬರ ದನಿಯಿಂದ ಇನ್ನೊಬ್ಬರ ದನಿಗೆ ಹೊರಳುವಾಗ ಹಿಂದಿನ ದನಿಯ ಬಾಲ ಮುಂದಿನದರ ಮೇಲೆ ಬಿದ್ದಿರುತ್ತದೆ.

ಮೈಕನ್ನು ಹಿಡಿಯ ನಡುವೆ ಹಿಡಿದು, ತುಟಿಯಿಂದ ಎರಡು ಮೂರು ಬೆರಳಿನಷ್ಟು ದೂರದಲ್ಲಿ, ನೇರವಾಗಿ ಬಾಯಿಯ ಮುಂದಲ್ಲದೆ ಗಲ್ಲದ ಕಡೆಯಿಂದ ಸ್ವಲ್ಪ ಓರೆಯಾಗಿ ಇಟ್ಟುಕೊಳ್ಳಿ. ‘ಪ’, ‘ಬ’, ‘ಭ’ ಅಕ್ಷರಗಳ ಗಾಳಿ ನೇರವಾಗಿ ಹೊಡೆಯುವುದಿಲ್ಲ. ಮೈಕಿನ ಜಾಲರಿಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿಯುವ ಅಭ್ಯಾಸವನ್ನು ಟಿ.ವಿ. ನೋಡಿ ಕಲಿತವರು ಬಿಡಬೇಕು. ಸಾಮಾನ್ಯ ಮೈಕುಗಳು ಮುಂದಿನ ದನಿಯನ್ನು ಹಿಡಿದು ಹಿಂದಿನದನ್ನು ಬಿಡುವಂತೆ ಮಾಡಿದವು. ಜಾಲರಿ ಮುಚ್ಚಿದರೆ ಆ ಗುಣ ಕೆಟ್ಟು ಎಲ್ಲ ಕಡೆಯ ಸದ್ದೂ ಒಳಗೆ ಹೋಗಿ ಕುಯ್ಯೆಂದು ಕೂಗತೊಡಗುತ್ತದೆ. ಹಾಗೆ ಕೂಗಿದಾಗ ಹೆದರಿ ಮೈಕನ್ನು ಕೈಯಲ್ಲಿ ಮುಚ್ಚಿದರೆ ಕೂಗು ಹೆಚ್ಚುತ್ತದೆ. ಸರಿಯಾದ ಕ್ರಮವೆಂದರೆ ಬಾಕ್ಸ್‌ಗಳ ಸಾಲಿನಿಂದ ಹಿಂದಕ್ಕೆ ಸರಿದು ನಿಲ್ಲುವುದು ಮತ್ತು ಮೈಕನ್ನು ಬಾಯಿಗೆ ಇನ್ನಷ್ಟು ಹತ್ತಿರ ತರುವುದು. ದನಿ ದೊಡ್ಡದಾಗಿ ಸಿಕ್ಕಿದರೆ ಅವರು ವಾಲ್ಯೂಮ್ ತಗ್ಗಿಸಬಹುದು. ವೈರ್‌ಲೆಸ್ ಮೈಕಾದರೆ ನಿಮ್ಮ ಜೇಬಿನಲ್ಲೇ ಒಂದು ಜೊತೆ ಹೊಸ ಸೆಲ್ ಇರಲಿ.

ಮಿಮಿಕ್ರಿ

ನಮ್ಮಲ್ಲಿ ಈ ಕಲೆಯನ್ನು ಹೆಸರಿನ ಮುಂದೆಯೇ ಅಂಟಿಸಿಕೊಂಡ ಮಿಮಿಕ್ರಿ ದಯಾನಂದ್ ಅವರಂಥವರು ಒಬ್ಬರೇ ನಿಂತು ಇಡೀ ಸಭೆಯನ್ನು ಹಿಡಿದಿಡುತ್ತಾರೆ. ನಿರೂಪಕರ ಮಿಮಿಕ್ರಿ ಆ ಬಗೆಯದ್ದಲ್ಲ. ಅದು ತೆರೆಯ ಹಿಂದೆ ಸಿದ್ಧವಾಗುತ್ತಿರುವ ತಂಡಕ್ಕೆ ಬೇಕಾದಷ್ಟೇ ಹೊತ್ತು ಇದ್ದು, ಬೇಕಾದಾಗ ನಿಲ್ಲುವಂತಿರಬೇಕು. ಹಾಗಾಗಿ ನಿಮ್ಮ ಸರಕನ್ನು ಮೂರು ಅಳತೆಗಳಲ್ಲಿ ತಯಾರಿಸಿಕೊಳ್ಳಿ: ನಲವತ್ತು ಸೆಕೆಂಡಿನ ಹತ್ತು ಹನ್ನೆರಡು ತುಣುಕು, ಎರಡು ನಿಮಿಷದ ಮೂರು, ಐದು ನಿಮಿಷದ ಒಂದು. ಚಿಕ್ಕವು ಎಲ್ಲ ಸಂದುಗಳಿಗೆ, ಎರಡು ನಿಮಿಷದವು ವೇಷ ಬದಲಾವಣೆಗೆ, ಐದು ನಿಮಿಷದ್ದು ಕರೆಂಟೋ ಹಾಡಿನ ಫೈಲೋ ಕೈಕೊಟ್ಟಾಗ. ಐದು ನಿಮಿಷದ್ದನ್ನು ಬಳಸದೇ ಮನೆಗೆ ಬಂದರೆ ಕಾರ್ಯಕ್ರಮ ಸುಸೂತ್ರವಾಗಿ ನಡೆಯಿತೆಂದು ಅರ್ಥ.

ಚಿಕ್ಕ ತುಣುಕುಗಳಿಗೆ ಸದ್ದುಗಳ ಅನುಕರಣೆಯೇ ವಾಸಿ. ಕುಕ್ಕರ್ ಸೀಟಿ, ಚಳಿಗೆ ಹಿಡಿಯದ ಹಳೆಯ ಸ್ಕೂಟರ್, ಘಾಟಿ ಹತ್ತುವ ಸಾರಿಗೆ ಬಸ್ಸು, ಹುಂಜ, ಇವು ಒಂದನೆಯ ತರಗತಿಯ ಮಗುವಿಗೂ ಅದರ ಅಜ್ಜಿಗೂ ಒಂದೇ ಕ್ಷಣದಲ್ಲಿ ಗೊತ್ತಾಗುತ್ತವೆ. ಹುಂಜದ ಕೂಗನ್ನೇ ಬಿಡಿಸಿ ನೋಡೋಣ. ಅದರಲ್ಲಿ ನಾಲ್ಕು ಭಾಗಗಳಿವೆ: ಮೊದಲೆರಡು ಗಿಡ್ಡ, ಮೂರನೆಯದು ಎಲ್ಲಕ್ಕಿಂತ ಎತ್ತರ, ನಾಲ್ಕನೆಯದು ಉದ್ದವಾಗಿ ಇಳಿಯುತ್ತಾ ಒಡೆಯುವಂಥದ್ದು. ಮೊದಲೆರಡನ್ನು ನಿಮ್ಮ ಸಹಜ ದನಿಯಲ್ಲಿ ಹಿಡಿದು, ಮೂರನೆಯದಕ್ಕೆ ಒಮ್ಮೆಲೇ ಕಳ್ಳದನಿಗೆ, ಎಂದರೆ ಸಹಜ ದನಿಗಿಂತ ಮೇಲಿನ ತೆಳ್ಳನೆಯ ದನಿಗೆ, ಹಾರಬೇಕು. ಹೊಸಬರು ಮೊದಲಿನಿಂದಲೇ ಕಳ್ಳದನಿಯಲ್ಲಿ ಕೂಗುತ್ತಾರೆ. ಆ ಹಾರಿಕೆ ಇಲ್ಲದಿದ್ದರೆ ಅದು ಹುಂಜವಾಗುವುದಿಲ್ಲ. ಇಂಥ ಎತ್ತರದ ಸದ್ದಿಗೆ ಮೈಕನ್ನು ಒಂದು ಗೇಣು ದೂರ ಒಯ್ಯಿರಿ. ಎಂಜಿನ್ನಿನ ಗುರುಗುಟ್ಟುವಿಕೆಯಂಥ ತಗ್ಗು ಸದ್ದಿಗೆ ತುಟಿಗೆ ತಾಗುವಷ್ಟು ಹತ್ತಿರ ತನ್ನಿ, ಹತ್ತಿರ ಬಂದಷ್ಟೂ ಮೈಕಿನಲ್ಲಿ ತಗ್ಗು ದನಿ ಹೆಚ್ಚಿ ಕೇಳಿಸುತ್ತದೆ.

ನಟರ ದನಿಗೆ ತಾಳ್ಮೆ ಬೇಕು. ರಾಜ್‌ಕುಮಾರ್, ಅಂಬರೀಷ್, ಶಂಕರ್ ನಾಗ್, ವಜ್ರಮುನಿ, ಟೈಗರ್ ಪ್ರಭಾಕರ್ ಇವರ ದನಿಗಳನ್ನು ಕನ್ನಡದ ಕಿವಿಗಳು ಕೂಡಲೇ ಗುರುತಿಸುತ್ತವೆ. ಹಾಗಾಗಿಯೇ ತಪ್ಪಿದ್ದೂ ಕೂಡಲೇ ಗೊತ್ತಾಗುತ್ತದೆ. ಒಬ್ಬರನ್ನು ಆರಿಸಿಕೊಂಡು, ಸಿನಿಮಾದ ಸಂಭಾಷಣೆಯ ಜತೆಗೆ ಅವರು ಸಭೆಯಲ್ಲೋ ಸಂದರ್ಶನದಲ್ಲೋ ಸಹಜವಾಗಿ ಮಾತನಾಡಿದ್ದನ್ನು ಒಂದು ನಿಮಿಷದಷ್ಟು ಮತ್ತೆ ಮತ್ತೆ ಕೇಳಿ. ಗಮನಿಸಬೇಕಾದದ್ದು ದನಿ ಎಲ್ಲಿಂದ ಹೊರಡುತ್ತದೆ, ಅಂದರೆ ಎದೆಯಿಂದಲೋ ಗಂಟಲಿಂದಲೋ ಮೂಗಿನಿಂದಲೋ ಎಂಬುದು. ಮಾತಿನ ನಡುವೆ ಎಲ್ಲಿ ನಿಲ್ಲುತ್ತಾರೆ ಎಂಬುದು. ವಾಕ್ಯದ ಕೊನೆಯನ್ನು ಏರಿಸುತ್ತಾರೋ ಇಳಿಸುತ್ತಾರೋ ಎಂಬುದು. ಇವುಗಳಲ್ಲಿ ನಿಲುಗಡೆಯೇ ಮುಖ್ಯವೆಂದು ನನಗೆ ಅನ್ನಿಸುತ್ತದೆ. ದನಿ ಮುಕ್ಕಾಲು ಪಾಲು ಕೂಡಿ, ನಿಲುಗಡೆ ಸರಿಯಾಗಿ ಬಿದ್ದರೆ ಜನ ಗುರುತಿಸುತ್ತಾರೆ. ದನಿ ಪೂರ್ತಿ ಕೂಡಿದರೂ ನಿಲುಗಡೆ ತಪ್ಪಿದರೆ ಗುರುತಿಸುವುದಿಲ್ಲ.

ಅಭ್ಯಾಸವನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿ ಕೇಳಲೇಬೇಕು. ನಮ್ಮ ದನಿ ನಮಗೆ ತಲೆಬುರುಡೆಯ ಮೂಳೆಯ ಮೂಲಕವೂ ಕೇಳಿಸುವುದರಿಂದ ಅದು ಇರುವುದಕ್ಕಿಂತ ಗಡುಸಾಗಿ, ತುಂಬಿದಂತೆ ತೋರುತ್ತದೆ. ವಜ್ರಮುನಿಯವರ ದನಿ ಬಂದೇಬಿಟ್ಟಿತೆಂದು ನಂಬಿದವರು ಧ್ವನಿಮುದ್ರಣ ಕೇಳಿದಾಗ ತೆಳ್ಳನೆಯ ದನಿ ಕೇಳಿ ಬೆಚ್ಚುವುದು ಈ ಕಾರಣಕ್ಕೆ. ಕೊನೆಯ ಪರೀಕ್ಷೆ ಇದು: ಯಾರ ದನಿಯೆಂದು ಹೇಳದೆ, ನಟನ ಹೆಸರಾಂತ ಸಂಭಾಷಣೆಯನ್ನೂ ಬಳಸದೆ, ‘ಮನೆಯಲ್ಲಿ ಹಾಲು ಖಾಲಿಯಾಗಿದೆ, ಅಂಗಡಿಗೆ ಹೋಗಿ ಬಾ’ ಎಂಬಂಥ ಸಾದಾ ವಾಕ್ಯವನ್ನು ಮನೆಯವರಿಗೆ ಕೇಳಿಸಿ. ಅವರು ತಡವರಿಸದೆ ಹೆಸರು ಹೇಳಿದರೆ ಆ ದನಿಯನ್ನು ವೇದಿಕೆಗೆ ಒಯ್ಯಬಹುದು. ‘ಇಂಥವರ ಥರ ಇದೆ, ಅಲ್ವಾ?’ ಎಂದು ಕೇಳಿದರೆ ಇನ್ನೂ ಸಮಯ ಬೇಕು.

ಎರಡು ನಿಮಿಷದ ತುಣುಕಿಗೆ ಒಂದು ಸನ್ನಿವೇಶ ಬೇಕಾಗುತ್ತದೆ. ಸುಮ್ಮನೆ ‘ಈಗ ಇಂಥವರು, ಈಗ ಇಂಥವರು’ ಎಂದು ಸಾಲಾಗಿ ದನಿ ತೆಗೆದರೆ ನಾಲ್ಕನೆಯವರ ಹೊತ್ತಿಗೆ ಸಭೆ ಸೋಲುತ್ತದೆ. ನಮ್ಮ ಶಾಲೆಗೆ ಹೊಂದುವ ಸನ್ನಿವೇಶ ಹೀಗಿರಬಹುದು: ಮೂವರು ನಟರು ತಮ್ಮ ಮಕ್ಕಳ ಅಂಕಪಟ್ಟಿಗೆ ಸಹಿ ಹಾಕಲು ಮುಖ್ಯೋಪಾಧ್ಯಾಯರ ಕೊಠಡಿಯ ಹೊರಗೆ ಬೆಂಚಿನ ಮೇಲೆ ಕುಳಿತಿದ್ದಾರೆ. ಒಬ್ಬರು ಗಣಿತದ ಅಂಕ ನೋಡಿ ಅತಿ ವಿನಯದಿಂದ ‘ಇದು ಮಗುವಿನ ತಪ್ಪಲ್ಲ, ನಾವು ಹೇಳಿಕೊಡಲಿಲ್ಲ’ ಎನ್ನುತ್ತಾರೆ, ಇನ್ನೊಬ್ಬರು ಒರಟಾಗಿ ‘ಬಿಡು, ಮುಂದಿನ ಸಲ ನೋಡ್ಕೊಳ್ಳೋಣ’ ಎನ್ನುತ್ತಾರೆ, ಮೂರನೆಯವರು ಖಳನ ಗತ್ತಿನಲ್ಲಿ ಪ್ರಶ್ನೆಪತ್ರಿಕೆಯನ್ನೇ ಬೆದರಿಸುತ್ತಾರೆ. ಅಷ್ಟರಲ್ಲಿ ಶಾಲೆಯ ಗಂಟೆ ಹೊಡೆಯುತ್ತದೆ, ಮೂವರೂ ತರಗತಿಗೆ ಓಡುವ ಹುಡುಗರಂತೆ ಎದ್ದು ನಿಲ್ಲುತ್ತಾರೆ. ಆ ಗಂಟೆಯ ಸದ್ದನ್ನು ನೀವೇ ಮಾಡುವುದರಿಂದ, ಹಿಂದೆ ತಂಡ ಬೇಗ ಸಿದ್ಧವಾಯಿತೆಂದು ಸನ್ನೆ ಬಂದರೆ ಯಾವ ಸಾಲಿನಲ್ಲಿದ್ದರೂ ಗಂಟೆ ಹೊಡೆದು ಮುಗಿಸಬಹುದು. ನಿಮ್ಮ ಪ್ರತಿಯೊಂದು ತುಣುಕಿನಲ್ಲೂ ಹೀಗೆ ಯಾವಾಗ ಬೇಕಾದರೂ ಹೊರಬರುವ ಬಾಗಿಲೊಂದಿರಲಿ.

ಶಾಲೆಯ ವೇದಿಕೆಯಲ್ಲಿ ಕುಡುಕನ ನಟನೆ, ತೊದಲು ಮಾತು, ಕುಂಟು ನಡೆ, ಒಂದು ಜಾತಿಯ ಅಥವಾ ಒಂದು ಸೀಮೆಯ ಮಾತಿನ ಅಣಕ ಇವು ಬೇಡ. ಮೈದಾನದಲ್ಲಿ ತೊದಲುವ ಮಗುವೊಂದು ಖಂಡಿತ ಕುಳಿತಿರುತ್ತದೆ, ಮರುದಿನ ತರಗತಿಯಲ್ಲಿ ಉಳಿದ ಮಕ್ಕಳು ನಿಮ್ಮ ಅಣಕವನ್ನೇ ಅದರ ಮೇಲೆ ಪ್ರಯೋಗಿಸುತ್ತಾರೆ. ಶಿಕ್ಷಕರ ದನಿಯನ್ನು ಅನುಕರಿಸಿದರೆ ಮಕ್ಕಳಿಗೆ ಅದಕ್ಕಿಂತ ದೊಡ್ಡ ಸಂತೋಷವಿಲ್ಲ. ಆದರೆ ಆ ಶಿಕ್ಷಕರಿಗೆ ಮೊದಲೇ ಮಾಡಿ ತೋರಿಸಿ, ಅವರು ನಕ್ಕು ಒಪ್ಪಿದರೆ ಮಾತ್ರ ಮಾಡಿ.

ಆರತಕ್ಷತೆಯಲ್ಲಿ

ಶಾಲೆಯಲ್ಲಿ ಸಭೆ ವೇದಿಕೆಯನ್ನು ನೋಡಲೆಂದೇ ಬಂದಿರುತ್ತದೆ. ಆರತಕ್ಷತೆಗೆ ಜನ ಬರುವುದು ವಧೂವರರಿಗೆ ಶುಭ ಕೋರಲು, ನೆಂಟರನ್ನು ಕಾಣಲು, ಊಟ ಮಾಡಲು. ಅಲ್ಲಿ ನಿರಂತರವಾಗಿ ಮಾತನಾಡುವ ನಿರೂಪಕರು ಭಾರವಾಗುತ್ತಾರೆ. ಮೂರು ಗಂಟೆಯ ಆರತಕ್ಷತೆಯಲ್ಲಿ ನಿಮ್ಮ ಒಟ್ಟು ಮಾತು ಅರ್ಧ ಗಂಟೆ ದಾಟದಿರುವುದೇ ಚೆಂದ: ವಧೂವರರ ಆಗಮನ, ಎರಡೂ ಮನೆಯ ಹಿರಿಯರ ಪರಿಚಯ, ನಡುವೆ ಎರಡು ಬಾರಿ ಮಿಮಿಕ್ರಿ, ಊಟದ ವಿನಂತಿ, ವಂದನೆ. ಮರುದಿನದ ಮುಹೂರ್ತಕ್ಕೂ ನಿಮ್ಮನ್ನು ಕರೆದಿದ್ದರೆ, ಗಟ್ಟಿಮೇಳ ಬಾರಿಸುವ ಹೊತ್ತಿನ ಆಸುಪಾಸಿನಲ್ಲಿ ಮೈಕನ್ನು ಮುಟ್ಟಲೇಬಾರದು. ಆಗ ಕೇಳಬೇಕಾದದ್ದು ಪುರೋಹಿತರ ಮಂತ್ರ ಮತ್ತು ವಾಲಗ.

ಹೆಸರಿನ ಪಟ್ಟಿ ಇಲ್ಲಿ ಇನ್ನೂ ಸೂಕ್ಷ್ಮ. ಎರಡೂ ಮನೆಯಿಂದ ಒಬ್ಬೊಬ್ಬರನ್ನು, ಸೋದರಮಾವನೋ ಚಿಕ್ಕಪ್ಪನೋ ಆಗಬಹುದು, ನಿಮಗೆ ಉತ್ತರ ಹೇಳುವವರಾಗಿ ಗೊತ್ತುಮಾಡಿಸಿಕೊಳ್ಳಿ. ತಂದೆತಾಯಿ, ಅಜ್ಜ ಅಜ್ಜಿಯರ ಹೆಸರು ಬರೆದುಕೊಳ್ಳುವಾಗ ತೀರಿಕೊಂಡವರ ಹೆಸರಿನ ಮುಂದೆ ಕೆಂಪು ಗುರುತು ಹಾಕಿ. ತೀರಿಕೊಂಡ ತಂದೆಯನ್ನು ‘ವೇದಿಕೆಗೆ ಬರಬೇಕು’ ಎಂದು ಕರೆದ ನಿರೂಪಕರ ತಪ್ಪನ್ನು ಆ ಮನೆಯವರು ಎಂದಿಗೂ ಮರೆಯುವುದಿಲ್ಲ. ಒಂದು ಮನೆಯ ಮಾತು ತುಳು, ಕೊಂಕಣಿ ಅಥವಾ ತೆಲುಗು ಆಗಿದ್ದರೆ ಆ ಭಾಷೆಯಲ್ಲಿ ಎರಡು ಸಾಲಿನ ಸ್ವಾಗತ ಕಲಿತು, ಆ ಮನೆಯ ಹಿರಿಯರೊಬ್ಬರಿಗೆ ಹೇಳಿ ತೋರಿಸಿ ತಿದ್ದಿಸಿಕೊಳ್ಳಿ. ಮಂಗಳೂರಿನ ಕ್ರೈಸ್ತ ಮದುವೆಗಳಲ್ಲಿ ಎಂ.ಸಿ. ಎಂಬ ನಿರೂಪಕರ ಸ್ಥಾನ ಮೊದಲಿನಿಂದಲೂ ಇದೆ. ಅಲ್ಲಿ ಕೇಕ್ ಕತ್ತರಿಸುವುದು, ಟೋಸ್ಟ್ ಹೇಳುವುದು ಇವುಗಳ ಕ್ರಮವನ್ನು ಮನೆಯವರಿಂದಲೇ ತಿಳಿದು ಹಾಗೆಯೇ ನಡೆಸಬೇಕು.

ಊಟದ ವಿನಂತಿಯನ್ನು ನಿಮ್ಮ ಗಡಿಯಾರ ನೋಡಿ ಮಾಡಬೇಡಿ. ಊಟದ ಮನೆಯಲ್ಲಿ ಒಂದು ಪಂಕ್ತಿ ಎದ್ದು, ಎಲೆ ತೆಗೆದು, ಮೇಜು ಒರೆಸಿ ಆದ ಮೇಲೆ ಅಲ್ಲಿಂದ ಸುದ್ದಿ ಬರಬೇಕು. ಮೊದಲೇ ಕರೆದರೆ ಮೆಟ್ಟಿಲ ಮೇಲೆ ವಯಸ್ಸಾದವರು ನಿಂತು ಕಾಯಬೇಕಾಗುತ್ತದೆ. ಎರಡು ಪಂಕ್ತಿಗಳ ನಡುವಿನ ಆ ಕಾಯುವಿಕೆಯೇ ಮಿಮಿಕ್ರಿಗೆ ಸರಿಯಾದ ಹೊತ್ತು, ಸಭಾಂಗಣದಲ್ಲಿ ಆಗ ಕುಳಿತಿರುವವರಿಗೆ ಬೇರೆ ಕೆಲಸವಿರುವುದಿಲ್ಲ. ವಧೂವರರ ಮೈಬಣ್ಣ, ಎತ್ತರ, ಸಂಬಳ, ಅತ್ತೆ ಸೊಸೆಯ ಜಗಳ, ಕೊಡುವ ತೆಗೆದುಕೊಳ್ಳುವ ಮಾತು ಇವನ್ನೆಲ್ಲ ದೂರವಿಡಿ. ಮದುಮಗನ ಗೆಳೆಯರು ಬಂದು ‘ಅಣ್ಣಾ, ಅವನ ಕಾಲೇಜಿನ ಕಥೆ ಹೇಳಿ’ ಎಂದು ಚೀಟಿ ಕೊಡುತ್ತಾರೆ. ಅದನ್ನು ನಗುತ್ತಾ ಜೇಬಿಗೆ ಹಾಕಿಕೊಳ್ಳಿ.

ಮಂಟಪದಲ್ಲಿ ನಿಮಗೆ ಬರುವ ಇತರ ಚೀಟಿಗಳಿಗೂ ಒಂದು ಪದ್ಧತಿ ಇರಲಿ. ದಾರಿಗೆ ಅಡ್ಡವಾಗಿ ನಿಂತ ಕಾರಿನ ಸಂಖ್ಯೆಯನ್ನು ಅಂಕಿ ಅಂಕಿಯಾಗಿ ಬಿಡಿಸಿ ಎರಡು ಸಲ ಹೇಳಿ. ಮಗು ತಪ್ಪಿಸಿಕೊಂಡಿದ್ದರೆ ಬಟ್ಟೆಯ ಬಣ್ಣ ಹೇಳಿ, ಎಲ್ಲಿಗೆ ಕರೆತರಬೇಕೆಂದು ತಿಳಿಸಿ. ಒಡವೆ ಸಿಕ್ಕಿದೆ ಎಂದು ಯಾರಾದರೂ ತಂದುಕೊಟ್ಟರೆ ‘ಒಂದು ವಸ್ತು ಸಿಕ್ಕಿದೆ, ಕಳೆದುಕೊಂಡವರು ಗುರುತು ಹೇಳಿ ಪಡೆಯಬೇಕು’ ಎಂದಷ್ಟೇ ಹೇಳಬೇಕು. ಅದು ಬಳೆಯೋ ಓಲೆಯೋ ಎಂದು ಮೈಕಿನಲ್ಲಿ ಹೇಳಿದರೆ ಅದನ್ನು ಕೇಳಿಕೊಂಡು ಬರುವವರು ಒಬ್ಬರಿಗಿಂತ ಹೆಚ್ಚಾಗಬಹುದು.

ಕರೆಂಟು ಹೋದರೆ

ಜನರೇಟರ್ ಹೊತ್ತಿಕೊಳ್ಳುವವರೆಗೆ ಸಭೆ ಕತ್ತಲಲ್ಲಿರುತ್ತದೆ, ಮಕ್ಕಳು ಕೂಗತೊಡಗುತ್ತಾರೆ. ಮೈಕಿಲ್ಲದೆ ಅವರ ಮೇಲೆ ಕೂಗಿ ಗೆಲ್ಲಲು ಯಾರಿಂದಲೂ ಆಗದು, ಗಂಟಲು ಹರಿದುಕೊಳ್ಳುವುದಷ್ಟೇ ಉಳಿಯುತ್ತದೆ. ವೇದಿಕೆಯ ಅಂಚಿಗೆ ಬಂದು, ಮೊಬೈಲಿನ ಬೆಳಕನ್ನು ನಿಮ್ಮ ಮುಖದ ಮೇಲೆ ಬಿಟ್ಟುಕೊಂಡು, ಒಂದು ತಾಳದಲ್ಲಿ ಚಪ್ಪಾಳೆ ತಟ್ಟತೊಡಗಿ. ಮುಂದಿನ ಸಾಲುಗಳು ಸೇರಿಕೊಂಡರೆ ಹಿಂದಿನವೂ ಬರುತ್ತವೆ. ಚಪ್ಪಾಳೆ ನಿಲ್ಲಿಸಿದಾಗ ಸಿಗುವ ಮೌನದಲ್ಲಿ ಹುಂಜದಂಥ ಎತ್ತರದ ಸದ್ದು ಮಾಡಿದರೆ ಅದು ಮೈಕಿಲ್ಲದೆಯೂ ದೂರದವರೆಗೆ ಕೇಳಿಸುತ್ತದೆ; ಮಕ್ಕಳನ್ನು ಅದಕ್ಕೆ ಉತ್ತರ ಕೊಡುವಂತೆ ಕೇಳಿ. ವೇದಿಕೆಯ ಮೇಲೆ ಆಗ ನೃತ್ಯದ ಮಕ್ಕಳಿದ್ದರೆ, ಬೇರೆಲ್ಲಕ್ಕಿಂತ ಮೊದಲು ಅವರನ್ನು ನಿಂತಲ್ಲೇ ಕೂರಿಸಬೇಕು. ಕತ್ತಲಲ್ಲಿ ಅಂಚಿಗೆ ಓಡಿದ ಮಗು ಬೀಳುತ್ತದೆ.

ಗಂಟಲಿನ ಮಿತಿ

ವೇದಿಕೆಗೆ ಹೋಗುವ ಮೊದಲು ಹತ್ತು ನಿಮಿಷ ಬಾಯಿ ಮುಚ್ಚಿ ‘ಮ್‌’ ಎಂದು ತಗ್ಗಿನಿಂದ ಎತ್ತರಕ್ಕೆ ಗುನುಗಿ, ತುಟಿಗಳನ್ನು ‘ಬ್ರ್‌’ ಎಂದು ಅದುರಿಸುತ್ತಾ ಅದೇ ಏರಿಳಿತ ಮಾಡಿ. ಸಂಜೆಯುದ್ದಕ್ಕೂ ಆಗಾಗ ಒಂದೊಂದು ಗುಟುಕು ನೀರು ಕುಡಿಯಬೇಕು. ಗಂಟಲು ಕೆರೆದು ಸರಿಮಾಡಿಕೊಳ್ಳುವ ಅಭ್ಯಾಸ ಸ್ವರತಂತುಗಳನ್ನು ಒಂದಕ್ಕೊಂದು ಬಡಿಸುತ್ತದೆ; ಅದರ ಬದಲು ಒಮ್ಮೆ ನುಂಗಿ. ದನಿ ದಣಿದಾಗ ಪಿಸುಗುಟ್ಟುವುದರಿಂದ ವಿಶ್ರಾಂತಿ ಸಿಗುತ್ತದೆಂಬ ನಂಬಿಕೆಯೂ ಸರಿಯಲ್ಲ, ಮೆಲ್ಲನೆ ಸಹಜ ದನಿಯಲ್ಲಿ ಮಾತನಾಡುವುದೇ ಹಗುರ.

ಖಳನಟರ ಗೊಗ್ಗರು ದನಿ, ಹುಲಿಯ ಗರ್ಜನೆ, ಹಳೆಯ ಲಾರಿಯ ಸದ್ದು ಇವೆಲ್ಲ ಗಂಟಲನ್ನು ಬಿಗಿದು ಉಜ್ಜಿ ತೆಗೆಯುವಂಥವು. ಒಂದು ಸಂಜೆಯಲ್ಲಿ ಇವು ಎಲ್ಲ ಸೇರಿ ಎರಡು ಮೂರು ನಿಮಿಷ ಮೀರದಂತೆ ಹಂಚಿಕೊಳ್ಳಿ, ಮತ್ತು ಅವನ್ನು ಕಾರ್ಯಕ್ರಮದ ಕೊನೆಯ ಭಾಗಕ್ಕೆ ಇಡಿ. ಮೊದಲೇ ಮಾಡಿದರೆ ಮುಂದಿನ ಎರಡು ಗಂಟೆಯ ಘೋಷಣೆಗೆ ಒಡೆದ ದನಿ ಉಳಿಯುತ್ತದೆ. ಮಾಡುವಾಗ ನೋವಾದರೆ ಅಥವಾ ಮುಗಿಸಿದ ಮೇಲೆ ನಿಮ್ಮ ಎತ್ತರದ ಸ್ವರ ಹೊರಡದಿದ್ದರೆ ಆ ದನಿ ನಿಮ್ಮ ಗಂಟಲಿಗೆ ಹೊಂದುವುದಿಲ್ಲವೆಂದು ತಿಳಿಯಬೇಕು. ಅದನ್ನು ಪಟ್ಟಿಯಿಂದ ತೆಗೆದುಬಿಡಿ. ಮರುದಿನ ಬೆಳಿಗ್ಗೆ ದನಿ ಗೊಗ್ಗರಾಗಿದ್ದರೆ ಆ ಸಂಜೆಯ ಕಾರ್ಯಕ್ರಮದಲ್ಲಿ ನಿರೂಪಣೆ ಮಾತ್ರ ಮಾಡಿ, ಮಿಮಿಕ್ರಿಯನ್ನು ಬಿಡಿ. ಇದನ್ನು ಮನೆಯವರಿಗೆ ಮೊದಲೇ ಫೋನ್ ಮಾಡಿ ತಿಳಿಸಿ. ಗೊಗ್ಗರು ಮೂರು ವಾರವಾದರೂ ಹೋಗದಿದ್ದರೆ ಕಷಾಯ, ಲವಂಗಗಳನ್ನು ನಂಬಿ ಕೂರದೆ ಕಿವಿ ಮೂಗು ಗಂಟಲಿನ ವೈದ್ಯರಿಗೆ ತೋರಿಸಿ, ಸ್ವರತಂತುಗಳನ್ನು ನೋಡಿಸಿಕೊಳ್ಳಬೇಕು. ಅತಿಯಾಗಿ ಬಳಸಿದ ಗಂಟಲಿನಲ್ಲಿ ಏಳುವ ಸಣ್ಣ ಗಂಟುಗಳು ಆರಂಭದಲ್ಲೇ ಗೊತ್ತಾದರೆ ದನಿಗೆ ವಿಶ್ರಾಂತಿ ಕೊಟ್ಟು, ಮಾತನಾಡುವ ರೀತಿಯನ್ನು ತಿದ್ದಿಕೊಂಡು ವಾಸಿಯಾಗುವುದು ಸಾಮಾನ್ಯ. ಆದ್ದರಿಂದ ಮದುವೆಯ ಕಾಲದಲ್ಲಿ ದಿನ ಒಪ್ಪಿಕೊಳ್ಳುವಾಗಲೇ ಎರಡು ಕಾರ್ಯಕ್ರಮಗಳ ನಡುವೆ ಒಂದು ದಿನ ಖಾಲಿ ಬಿಟ್ಟು ಬರೆದುಕೊಳ್ಳಿ.